ಕಾಲುವೆ ಬಂದ ಮೇಲೆ ಹೊಲ ಸವಳಾಗುವುದು ಯಾಕೆ? ಯಾದಗಿರಿ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಉಣ್ಣುವ ಹುಣಸಗಿ, ಸುರಪುರ, ಶಹಾಪುರ ಕಡೆಯ ಊರುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳುತ್ತದೆ: "ಮೊದಲು ಜೋಳ ಬೆಳೆಯುವ ಹೊಲ ಇತ್ತು, ಈಗ ಜಾಲಿ ಬಿಟ್ಟು ಏನೂ ಬರಲ್ಲ." ಇಲ್ಲಿರುವುದು ಅಂಥ ಹೊಲದವರು ಕೇಳುವ ಪ್ರಶ್ನೆಗಳು. ಹಳ್ಳದ ಮಗ್ಗುಲಿನ ತಗ್ಗಿನ ಎರೆ ಹೊಲವನ್ನೇ ಕಣ್ಣ ಮುಂದೆ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಏಕೆಂದರೆ ಮೊದಲು ಕೆಡುವುದು ಅದೇ.

ಕಾಲುವೆ ನೀರು ಸಿಹಿ ಇದೆ, ಕುಡಿದರೂ ನಡೆಯುತ್ತದೆ. ಮತ್ತೆ ಹೊಲಕ್ಕೆ ಉಪ್ಪು ಎಲ್ಲಿಂದ ಬಂತು?

ಎರಡು ಕಡೆಯಿಂದ. ಒಂದು, ಆ ಸಿಹಿ ನೀರಿನಿಂದಲೇ. ನದಿ ನೀರಿನಲ್ಲಿ ಸ್ವಲ್ಪ ಉಪ್ಪು ಕರಗಿಯೇ ಇರುತ್ತದೆ, ನಾಲಿಗೆಗೆ ಗೊತ್ತಾಗುವುದಿಲ್ಲ ಅಷ್ಟೇ. ಲೀಟರಿಗೆ 300 ಮಿಲಿಗ್ರಾಂ ಇದೆ ಅಂತ ಲೆಕ್ಕಕ್ಕೆ ಹಿಡಿಯಿರಿ. ಇದು ಒಳ್ಳೆಯ ನೀರೇ. ಒಂದು ಎಕರೆಗೆ ವರ್ಷದಲ್ಲಿ ಒಟ್ಟು ಒಂದು ಮೀಟರ್ ಎತ್ತರದಷ್ಟು ನೀರು ಹಾಯಿಸಿದರೆ ಸುಮಾರು 40 ಲಕ್ಷ ಲೀಟರ್ ಆಯಿತು. ಅದರ ಜೊತೆ ಬಂದ ಉಪ್ಪು ಹೆಚ್ಚುಕಡಿಮೆ 12 ಕ್ವಿಂಟಲ್. ಬೆಳೆ ನೀರನ್ನು ಕುಡಿಯುತ್ತದೆ, ಬಿಸಿಲು ನೀರನ್ನು ಎಳೆಯುತ್ತದೆ. ಉಪ್ಪನ್ನು ಮಾತ್ರ ಇಬ್ಬರೂ ಅಲ್ಲೇ ಬಿಟ್ಟು ಹೋಗುತ್ತಾರೆ.

ಎರಡನೆಯದು ನಮ್ಮ ಎರೆ ಮಣ್ಣಿನ ಹೊಟ್ಟೆಯಲ್ಲೇ ಇದ್ದ ಹಳೆಯ ಉಪ್ಪು. ನಮ್ಮ ಕಡೆ ವರ್ಷದ ಮಳೆ 700–800 ಮಿಲಿಮೀಟರ್ ಆಸುಪಾಸು. ಬಿಸಿಲು ಎಳೆಯಬಲ್ಲ ನೀರು ಅದರ ದುಪ್ಪಟ್ಟಿಗಿಂತ ಜಾಸ್ತಿ. ಹಾಗಾಗಿ ಕಲ್ಲು ಕರಗಿ ಹುಟ್ಟಿದ ಉಪ್ಪು ಮಳೆ ನೀರಿನ ಜೊತೆ ನಾಲ್ಕಾರು ಅಡಿ ಕೆಳಗೆ ಇಳಿದು ಅಲ್ಲೇ ನಿಂತಿತ್ತು. ಪೂರ್ತಿ ತೊಳೆದು ಹೋಗುವಷ್ಟು ಮಳೆ ಯಾವತ್ತೂ ಬರಲಿಲ್ಲ. ಮಳೆಯಾಶ್ರಿತ ಜೋಳ, ತೊಗರಿಗೆ ಅದರಿಂದ ತೊಂದರೆಯೂ ಇರಲಿಲ್ಲ. 1980ರ ದಶಕದಿಂದ ಕಾಲುವೆ ನೀರು ಹರಿದ ಮೇಲೆ ಕೆಳಗಿನ ನೀರು ಮೇಲೆ ಬಂತು. ಅದರ ಜೊತೆ ಮಲಗಿದ್ದ ಉಪ್ಪೂ ಎದ್ದು ಬಂತು.

ನೀರು ಮೇಲೆ ಬರುವುದು ಅಂದರೆ ಏನು? ನೀರು ಕೆಳಗೆ ಇಳಿಯಬೇಕಲ್ವಾ?

ಇಳಿಯುತ್ತದೆ. ಇಳಿದ ಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದೇ ತಂಟೆ. ನಮ್ಮಲ್ಲಿ ಎರೆ ಮಣ್ಣಿನ ಕೆಳಗೆ ಗರಸು, ಅದರ ಕೆಳಗೆ ಗಟ್ಟಿ ಕಲ್ಲು. ಮಣ್ಣಿನೊಳಗೆ ಅಡ್ಡಕ್ಕೆ ಹರಿದು ಹಳ್ಳ ಸೇರುವ ನೀರು ಬಹಳ ಕಡಿಮೆ, ಏಕೆಂದರೆ ನೆನೆದು ಉಬ್ಬಿದ ಎರೆ ಮಣ್ಣು ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಕಾಲುವೆ ಸೋರಿದ್ದು, ಹೊಲಗಾಲುವೆ ಸೋರಿದ್ದು, ಗದ್ದೆಯಲ್ಲಿ ನಿಲ್ಲಿಸಿದ್ದು, ಇವೆಲ್ಲ ವರ್ಷ ವರ್ಷ ಸೇರಿ ಕೆಳಗಿನ ನೀರಿನ ಮಟ್ಟ ಏರುತ್ತಾ ಬರುತ್ತದೆ.

ಆ ಮಟ್ಟ ನೆಲದಿಂದ 2 ಮೀಟರ್ ಒಳಗೆ ಬಂತು ಅಂದರೆ ಅದನ್ನು ಜವಳು ಭೂಮಿ ಅಂತಲೇ ಲೆಕ್ಕ ಹಿಡಿಯುತ್ತಾರೆ. 2ರಿಂದ 3 ಮೀಟರ್ ಇದ್ದರೆ ಅಪಾಯದ ಅಂಚು. ಮೇಲೆ ಒಣಗಿದಂತೆ ಕಾಣುವ ಹೊಲ ಒಳಗೆ ದೀಪದ ಬತ್ತಿಯಂತೆ ಕೆಲಸ ಮಾಡುತ್ತಿರುತ್ತದೆ: ಕೆಳಗಿನ ಉಪ್ಪುನೀರು ಮಣ್ಣಿನ ಸಣ್ಣ ಸಂದುಗಳಲ್ಲಿ ಏರಿ ಬರುತ್ತದೆ, ನೀರು ಆರಿ ಹೋಗುತ್ತದೆ, ಉಪ್ಪು ಮೇಲೆ ಕೂರುತ್ತದೆ.

ಇದು ಎಷ್ಟು ಬೇಗ ಆಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ಮಾರ್ಚಿನಿಂದ ಮೇ ತನಕ 90 ದಿನ ಹೊಲ ಪಾಳು ಬಿಟ್ಟಿದೆ ಅನ್ನಿ. ಕೆಳಗಿನ ನೀರಿನಲ್ಲಿ ಲೀಟರಿಗೆ ಎರಡೂವರೆ ಗ್ರಾಂ ಉಪ್ಪಿದೆ. ದಿನಕ್ಕೆ ಬರೀ 1 ಮಿಲಿಮೀಟರ್ ನೀರು ಏರಿ ಆರಿದರೂ, ಬೇಸಿಗೆ ಮುಗಿಯುವುದರೊಳಗೆ ಒಂದು ಎಕರೆಯ ಮೇಲೆ 9 ಕ್ವಿಂಟಲ್ ಉಪ್ಪು ಬಂದು ಕೂತಿರುತ್ತದೆ. ನೀರು ಹಾಯಿಸದೆ, ಬೆಳೆ ಬೆಳೆಯದೆ, ಸುಮ್ನೆ ಬಿಟ್ಟ ಹೊಲದಲ್ಲಿ! ಪಾಳು ಬಿಟ್ಟರೆ ಹೊಲ ಸುಧಾರಿಸಿಕೊಳ್ಳುತ್ತದೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಮೇಲಿನ ಹೊಲದವರಿಗೆ ಏನೂ ಆಗಿಲ್ಲ. ನಮ್ಮ ಹೊಲ ಮಾತ್ರ ಯಾಕೆ ಕೆಟ್ಟಿತು?

ಯಾಕೆಂದರೆ ಅವರು ಬಿಟ್ಟ ನೀರು ನಿಮ್ಮಲ್ಲಿಗೆ ಬಂದಿದೆ. ಎತ್ತರದಲ್ಲಿ ಇಂಗಿದ ನೀರು ಇಳಿಜಾರಿನಲ್ಲಿ ನಿಧಾನಕ್ಕೆ ಜರುಗಿ, ದಾರಿಯಲ್ಲಿ ಸಿಕ್ಕ ಉಪ್ಪನ್ನೆಲ್ಲ ಕರಗಿಸಿಕೊಂಡು, ತಗ್ಗಿನಲ್ಲಿ ಮೇಲೇಳುತ್ತದೆ. ಮೇಲಿನ ಹೊಲಕ್ಕೆ ಅದು ತೊಳೆತ, ಕೆಳಗಿನ ಹೊಲಕ್ಕೆ ಅದೇ ವಿಷ.

ಇಲ್ಲಿ ಭತ್ತದ ಮಾತು ಬರಲೇಬೇಕು. ಈ ಕಾಲುವೆಯನ್ನು ಯೋಜಿಸಿದ್ದು ಜೋಳ, ಹತ್ತಿ, ಶೇಂಗಾ, ತೊಗರಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ನೀರು ಕೈಗೆ ಸಿಕ್ಕವರು ಭತ್ತ ಹಚ್ಚಿದರು. ಅವರನ್ನು ಬೈದು ಏನೂ ಪ್ರಯೋಜನವಿಲ್ಲ. ಭತ್ತ ಮಾರಿದರೆ ದುಡ್ಡು ಗ್ಯಾರಂಟಿ, ನೀರು ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದಾಗ ತುಂಬಿಸಿಕೊಳ್ಳೋಣ ಅನ್ನುವುದು ಯಾರಿಗಾದರೂ ಬರುವ ಬುದ್ಧಿ. ಆದರೆ ಮೇಲ್ಭಾಗದ ನೂರಾರು ಎಕರೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತರೆ ಎರಡು ನಷ್ಟ ಒಟ್ಟಿಗೆ ಆಗುತ್ತವೆ. ಕಾಲುವೆ ಕೊನೆಯ ಊರಿಗೆ ನೀರು ಮುಟ್ಟುವುದಿಲ್ಲ, ನಡುವಿನ ತಗ್ಗು ಜವಳಾಗುತ್ತದೆ. ಒಂದೇ ಕಾಲುವೆಯಲ್ಲಿ ಒಬ್ಬರಿಗೆ ನೀರಿಲ್ಲದ ಕಷ್ಟ, ಇನ್ನೊಬ್ಬರಿಗೆ ನೀರು ಹೋಗದ ಕಷ್ಟ.

ಹಾಗಾದರೆ ತಪ್ಪು ಕಾಲುವೆಯದಾ, ರೈತನದಾ?

ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಪಾಲು ಬಸಿಗಾಲುವೆ ಇಲ್ಲದ್ದರದು. ನೀರು ತರುವ ಕಾಲುವೆಗೆ ಗೇಟು ಇದೆ, ಅದರ ಮೇಲೆ ಜಗಳವಿದೆ, ಸಭೆ ಇದೆ. ನೀರು ಒಯ್ಯುವ ಕಾಲುವೆಯನ್ನು ಕೇಳುವವರೇ ಇಲ್ಲ. ನೀರು ಬಂದರೆ ಎಲ್ಲರಿಗೂ ಕಾಣುತ್ತದೆ. ನೀರು ಹೋಗಲಿಲ್ಲ ಅನ್ನುವುದು ಹತ್ತು ಹದಿನೈದು ವರ್ಷ ಕಳೆದ ಮೇಲೆ ಕಾಣುತ್ತದೆ.

ಮೊದಲೇ ಇದ್ದ ಹಳ್ಳಗಳೇ ನಮ್ಮ ನೈಸರ್ಗಿಕ ಬಸಿಗಾಲುವೆ. ಈಗ ಒಂದು ಸಲ ಹಳ್ಳದ ಗುಂಟ ನಡೆದು ನೋಡಿ. ಒಂದು ಕಡೆ ಯಾರೋ ಹಳ್ಳದ ಪಾತ್ರವನ್ನೇ ಉತ್ತು ಗದ್ದೆ ಮಾಡಿದ್ದಾರೆ. ಇನ್ನೊಂದು ಕಡೆ ಕಾಲುವೆ ಏರಿಯ ಕೆಳಗಿನ ಪೈಪು ಹೂಳು ತುಂಬಿ ಕಟ್ಟಿದೆ. ಮತ್ತೊಂದು ಕಡೆ ರಸ್ತೆ ಎತ್ತರ ಮಾಡುವಾಗ ಹಾಕಿದ ಸಿಡಿ, ಅಂದರೆ ಮೋರಿ, ಹಳ್ಳದ ತಳಕ್ಕಿಂತ ಎರಡಡಿ ಮೇಲಿದೆ. ಉಳಿದ ಜಾಗದಲ್ಲೆಲ್ಲ ಜೊಂಡು. ಜೊಂಡು ಎದೆಯೆತ್ತರ ಬೆಳೆದಿದೆ ಅಂದರೆ ಅಲ್ಲಿ ವರ್ಷವಿಡೀ ನೀರು ನಿಂತಿದೆ ಅಂತ ಅರ್ಥ. ಹಳ್ಳದಲ್ಲೇ ನೀರು ನಿಂತರೆ ಪಕ್ಕದ ಹೊಲದ ನೀರು ಇಳಿಯುವುದು ಎಲ್ಲಿಗೆ?

ಇದು ಹೊಸ ಪಾಠವೂ ಅಲ್ಲ. ಮಹಾರಾಷ್ಟ್ರದ ನೀರಾ ಎಡದಂಡೆ ಕಾಲುವೆ 1885ರಲ್ಲಿ ಶುರುವಾಯಿತು. ಅಲ್ಲೂ ಕಪ್ಪು ಮಣ್ಣು, ಅಲ್ಲೂ ಜಾಸ್ತಿ ನೀರಿನ ಬೆಳೆ, ಅಲ್ಲಿ ಅದು ಕಬ್ಬು. ಕೆಲವೇ ದಶಕಗಳಲ್ಲಿ ಹೊಲಗಳು ಸವಳಾಗಿ, ಬಸಿಗಾಲುವೆ ತೋಡುವ ಕೆಲಸ ಹಿಡಿಯಬೇಕಾಯಿತು. ನಮ್ಮ ಪಕ್ಕದ ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆಯೂ ಇದೇ ಕಥೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೇ ಬಹಳ ವರ್ಷಗಳಿಂದ ಕೆಲಸ ನಡೆದಿದೆ.

ಹೊಲ ಸವಳಾಗುತ್ತಿದೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳುವುದು ಹೇಗೆ?

ಬಿಳಿ ಪುಡಿ ಕಾಣುವ ತನಕ ಕಾಯಬೇಡಿ, ಅಷ್ಟೊತ್ತಿಗೆ ತಡವಾಗಿರುತ್ತದೆ. ಮೊದಲು ಕಾಣುವುದು ಮೊಳಕೆಯಲ್ಲಿ. ಒಂದೇ ಬೀಜ, ಒಂದೇ ದಿನ ಬಿತ್ತಿದ್ದು, ಆದರೂ ಹೊಲದ ನಡುವೆ ಅಲ್ಲಲ್ಲಿ ಮಡಿಯಷ್ಟು ಜಾಗ ಖಾಲಿ ಉಳಿಯುತ್ತದೆ. ಮುಂದಿನ ವರ್ಷ ಆ ಜಾಗ ಇನ್ನಷ್ಟು ಅಗಲ. ಹತ್ತಿ ಗಿಡ ಗಿಡ್ಡ, ಎಲೆಯ ಅಂಚು ಸುಟ್ಟಂತೆ. ನೆಲದಲ್ಲಿ ಹಸಿ ಇದ್ದರೂ ಮಧ್ಯಾಹ್ನ ಗಿಡ ಬಾಡಿ ನಿಲ್ಲುತ್ತದೆ, ಏಕೆಂದರೆ ಉಪ್ಪು ಜಾಸ್ತಿಯಾದ ನೀರನ್ನು ಬೇರು ಎಳೆದುಕೊಳ್ಳಲು ಆಗುವುದಿಲ್ಲ. ಇದನ್ನು ನೀರು ಕಡಿಮೆ ಆಯಿತು ಅಂತ ತಿಳಿದು ಮತ್ತೆ ನೀರು ಬಿಡುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು.

ಎಲ್ಲಕ್ಕಿಂತ ಒಳ್ಳೆಯ ಉಪಾಯ ಕೆಳಗಿನ ನೀರನ್ನು ಅಳೆಯುವುದು. ಹೊಲದ ತಗ್ಗಿನ ಮೂಲೆಯಲ್ಲಿ ಕೈ ಬೈರಿಗೆಯಿಂದ ಎರಡೂವರೆ ಮೀಟರ್ ಆಳದ ತೂತು ತೆಗೆಯಿರಿ. ಎರಡು ಇಂಚಿನ ಪಿವಿಸಿ ಪೈಪಿನ ಕೆಳಗಿನ ಒಂದೂವರೆ ಮೀಟರಿಗೆ ಸಣ್ಣ ತೂತು ಹಾಕಿ, ತಳಕ್ಕೆ ಬಿರಡೆ ಬಡಿದು ಇಳಿಸಿ. ಸುತ್ತ ಮರಳು ತುಂಬಿ, ಮೇಲಿನ ಒಂದಡಿಗೆ ಎರೆ ಮಣ್ಣು ಬಿಗಿಯಾಗಿ ಮೆತ್ತಿ, ಇಲ್ಲದಿದ್ದರೆ ಮೇಲಿನ ನೀರು ಪೈಪಿನ ಗುಂಟ ಇಳಿದು ಸುಳ್ಳು ಲೆಕ್ಕ ಕೊಡುತ್ತದೆ. ಬಾಯಿಗೆ ಮುಚ್ಚಳ ಹಾಕಿ. ತಿಂಗಳಿಗೊಮ್ಮೆ ದಾರಕ್ಕೆ ನಟ್ಟು ಕಟ್ಟಿ ಇಳಿಬಿಡಿ, ನೀರಿಗೆ ತಾಗಿದಾಗ ಟಪ್ ಅನ್ನುತ್ತದೆ, ದಾರ ಅಳೆದು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ. ಕಾಲುವೆ ಬಂದ್ ಇರುವ ಮೇ ತಿಂಗಳಲ್ಲೂ ನೀರು ಒಂದೂವರೆ ಮೀಟರಿಗಿಂತ ಮೇಲೇ ಇದ್ದರೆ, ಬಿಳಿ ಪುಡಿ ಕಾಣಲಿ ಬಿಡಲಿ, ನಿಮ್ಮ ಹೊಲ ದಾರಿ ಹಿಡಿದಾಗಿದೆ.

ನಮ್ಮ ಹೊಲದಲ್ಲಿ ಬಿಳಿ ಪುಡಿ ಇಲ್ಲ. ಕಪ್ಪಗೆ ಎಣ್ಣೆ ಬಿದ್ದಂತೆ ಕಾಣುತ್ತದೆ. ಇದೂ ಸವಳೇನಾ?

ಇದು ಬೇರೆ ರೋಗ, ಮದ್ದೂ ಬೇರೆ. ಇಲ್ಲಿ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬರೀ ಉಪ್ಪು ಜಾಸ್ತಿಯಾದ ಮಣ್ಣು ಸವಳು. ಮೇಲೆ ಬಿಳಿ ಪುಡಿ, ಮಣ್ಣು ಮಾತ್ರ ಪುಡಿಪುಡಿಯಾಗಿ ಚೆನ್ನಾಗೇ ಇರುತ್ತದೆ. ಪಿಎಚ್ 8.5ರ ಒಳಗೆ. ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡರೆ ಅದು ಕರಲು, ಅಂದರೆ ಕ್ಷಾರ ಮಣ್ಣು. ಪಿಎಚ್ 8.5 ದಾಟುತ್ತದೆ, ಮಣ್ಣು ಹಿಡಿದಿಟ್ಟುಕೊಂಡ ಪೋಷಕಗಳಲ್ಲಿ ಸೋಡಿಯಂ ಪಾಲು ನೂರಕ್ಕೆ 15 ಮೀರುತ್ತದೆ. ಆಗ ಜೇಡಿ ಕಣಗಳು ಒಂದಕ್ಕೊಂದು ಬಿಟ್ಟುಕೊಂಡು ನೀರಿನಲ್ಲಿ ಕದಡುತ್ತವೆ, ಸಂದುಗಳನ್ನೆಲ್ಲ ಮುಚ್ಚುತ್ತವೆ. ಮಳೆ ಬಂದರೆ ರಾಡಿ, ಒಣಗಿದರೆ ಕಲ್ಲು. ಮಣ್ಣಿನ ಸಾವಯವ ಅಂಶ ಕರಗಿ ಮೇಲೆ ಬಂದು ಆರುವುದರಿಂದಲೇ ಆ ಕಪ್ಪು ಎಣ್ಣೆಯ ಬಣ್ಣ. ಎರಡೂ ಸೇರಿಕೊಂಡ ಹೊಲಗಳೂ ಇವೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಗಾಜಿನ ಬಾಟಲಿಯಲ್ಲಿ ಮಳೆ ನೀರು ಅಥವಾ ಶುದ್ಧ ನೀರಿನ ಘಟಕದ ನೀರು ತುಂಬಿ. ಕೊಳವೆಬಾವಿ ನೀರು ಬೇಡ, ಅದರ ಉಪ್ಪೇ ಆಟ ಕೆಡಿಸುತ್ತದೆ. ಒಣಗಿದ ಮಣ್ಣು ಎರಡು ಚಮಚ ಹಾಕಿ, ಚೆನ್ನಾಗಿ ಅಲುಗಾಡಿಸಿ ಕಟ್ಟೆ ಮೇಲೆ ಇಡಿ. ಒಂದೆರಡು ತಾಸಿನಲ್ಲಿ ಮಣ್ಣು ಕೆಳಗೆ ಕೂತು ಮೇಲಿನ ನೀರು ತಿಳಿಯಾದರೆ ಬರೀ ಉಪ್ಪಿನ ತೊಂದರೆ ಇರಬಹುದು. ಮಾರನೇ ದಿನವೂ ನೀರು ಚಹಾದಂತೆ ಕದಡಿಕೊಂಡೇ ಇದ್ದರೆ ಸೋಡಿಯಂ ಮೇಲೆ ಗುಮಾನಿ ಪಡಿ. ಇದು ಅಂದಾಜು ಮಾತ್ರ. ಜಿಪ್ಸಂ ಖರೀದಿಗೆ ಮುಂಚೆ ಲ್ಯಾಬಿನ ಚೀಟಿ ಬೇಕೇ ಬೇಕು.

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಇಸಿ 2.4 ಇದೆ. 4ರ ತನಕ ಅಪಾಯವಿಲ್ಲ ಅಂತಾರಲ್ಲ?

ಇಸಿ ಅಂದರೆ ಮಣ್ಣಿನಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ತೋರಿಸುವ ಅಂಕಿ. ಆದರೆ ನಿಮ್ಮ 2.4, ಅವರು ಹೇಳುವ 4, ಎರಡೂ ಬೇರೆ ಬೇರೆ ಅಳತೆ. ಪುಸ್ತಕದಲ್ಲಿರುವ 4 ಅನ್ನುವ ಗಡಿ, ಮಣ್ಣನ್ನು ಕಣಕದಂತೆ ಕಲಸಿ ಅದರಿಂದ ಹೀರಿ ತೆಗೆದ ನೀರಿನ ಲೆಕ್ಕ. ಸಾಮಾನ್ಯ ಚೀಟಿಯಲ್ಲಿ ಬರುವುದು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಅಳೆದದ್ದು. ಅಲ್ಲಿ ಉಪ್ಪು ತೆಳುವಾಗಿರುತ್ತದೆ. ಭಾರೀ ಎರೆ ಮಣ್ಣಿನಲ್ಲಿ ಚೀಟಿಯ ಅಂಕಿಯನ್ನು ಮೂರು, ಮೂರೂವರೆಯಿಂದ ಗುಣಿಸಿದರೆ ಪುಸ್ತಕದ ಅಂಕಿಗೆ ಹತ್ತಿರ ಬರುತ್ತದೆ. ಅಂದರೆ ನಿಮ್ಮ 2.4 ನಿಜಕ್ಕೂ 8ರ ಆಸುಪಾಸು. ಚೀಟಿಯಲ್ಲಿ 1 ದಾಟಿದರೇ ಎಚ್ಚರವಾಗಬೇಕು.

ಆ 8ರಲ್ಲಿ ಏನಾಗುತ್ತದೆ? ಹತ್ತಿ ಸುಮಾರು 7.7ರ ತನಕ ತಡೆಯುತ್ತದೆ, ಆಮೇಲೆ ನಿಧಾನಕ್ಕೆ ಇಳುವರಿ ಇಳಿಯುತ್ತದೆ. ಜೋಳ 6.8ರ ತನಕ ತಡೆದು, ಆಮೇಲೆ ಬೇಗ ಕುಸಿಯುತ್ತದೆ. ಶೇಂಗಾ 3.2ರಲ್ಲೇ ಸೋಲಲು ಶುರು, 8ರಲ್ಲಿ ಕೈಗೆ ಏನೂ ಹತ್ತುವುದಿಲ್ಲ. ಕಡಲೆ, ತೊಗರಿಯಂಥ ಕಾಳುಗಳು ಉಪ್ಪಿಗೆ ಬಹಳ ನಾಜೂಕು. ಈ ಅಂಕಿಗಳು ಬೆಳೆದು ನಿಂತ ಗಿಡದವು. ಹತ್ತಿ, ಜೋಳದ ಮೊಳಕೆಗೆ ಅಷ್ಟು ತಾಕತ್ತು ಇರುವುದಿಲ್ಲ.

ಮಾದರಿ ತೆಗೆಯುವಾಗ ಬಿಳಿ ಪುಡಿಯನ್ನಷ್ಟೇ ಕೆರೆದು ಒಯ್ಯಬೇಡಿ, ಒಳ್ಳೆಯ ಜಾಗದ ಮಣ್ಣಿನ ಜೊತೆ ಕಲಸಲೂ ಬೇಡಿ. ಕೆಟ್ಟ ಜಾಗದ್ದು ಬೇರೆ ಚೀಲ, ಒಳ್ಳೆಯದು ಬೇರೆ ಚೀಲ. ಮೇಲಿನ ಅರ್ಧ ಅಡಿಯದು ಒಂದು, ಅರ್ಧದಿಂದ ಒಂದಡಿಯದು ಒಂದು, ಎರಡಡಿ ತನಕದ್ದು ಇನ್ನೊಂದು. ಉಪ್ಪು ಮೇಲೆ ಜಾಸ್ತಿ, ಕೆಳಗೆ ಕಡಿಮೆ ಇದ್ದರೆ ಅದು ಕೆಳಗಿನಿಂದ ಏರಿ ಬಂದ ಉಪ್ಪು ಅಂತ ಹೇಳಬಹುದು.

ಭತ್ತ ಹಾಕಿದರೆ ಸವಳು ಹೋಗುತ್ತದಂತೆ, ನಿಜವಾ?

ಅರ್ಧ ನಿಜ. ಭತ್ತವೇನೂ ಉಪ್ಪು ತಡೆಯುವ ಬೆಳೆಯಲ್ಲ, ಪುಸ್ತಕದ ಇಸಿ 3ರಲ್ಲೇ ಬಳಲುತ್ತದೆ. ಆದರೆ ಗದ್ದೆಯಲ್ಲಿ ನಿಂತ ನೀರು ಉಪ್ಪನ್ನು ಬೇರಿನ ಕೆಳಗೆ ತಳ್ಳಿ ಇಡುತ್ತದೆ. ಹೀಗಾಗಿ ಹತ್ತಿ ಬಾರದ ಹೊಲದಲ್ಲಿ ಭತ್ತ ಬಂದುಬಿಡುತ್ತದೆ, ರೈತನಿಗೆ ಹೊಲ ಸರಿಯಾಯಿತು ಅನ್ನಿಸುತ್ತದೆ. ಉಪ್ಪು ಎಲ್ಲೂ ಹೋಗಿರುವುದಿಲ್ಲ, ಎರಡಡಿ ಕೆಳಗೆ ಕೂತಿರುತ್ತದೆ. ಒಂದು ವರ್ಷ ಜಲಾಶಯಕ್ಕೆ ನೀರು ಕಡಿಮೆ ಬಂದು ಹಿಂಗಾರಿಗೆ ಕಾಲುವೆ ಬಿಡಲಿಲ್ಲ ಅನ್ನಿ. ಭತ್ತ ಕೊಯ್ದ ಗದ್ದೆ ಬೇಸಿಗೆಗೆ ಬಾಯಿ ಬಿಡುತ್ತದೆ, ಉಪ್ಪು ವಾಪಸ್ ಬರುತ್ತದೆ. ಅಷ್ಟರಲ್ಲಿ ಆ ಗದ್ದೆಯ ನೀರು ಕೆಳಗಿನ ಇನ್ನೊಂದು ಹೊಲವನ್ನೂ ಕೆಡಿಸಿರುತ್ತದೆ. ಬಸಿಗಾಲುವೆ ಇದ್ದರೆ ಮಾತ್ರ ಭತ್ತ ತೊಳೆಯುವ ಬೆಳೆ.

ನೀರು ಕಟ್ಟಿ ತೊಳೆಯಬೇಕು ಅಂತಾರೆ. ಒಂದು ಹೊಲ ಹಿಡಿದು ಲೆಕ್ಕ ಹೇಳಿ.

ಶಹಾಪುರ ಕಡೆಯ 4 ಎಕರೆ ಎರೆ ಹೊಲ ಇಟ್ಟುಕೊಳ್ಳೋಣ. ಒಂದು ಮಗ್ಗುಲು ಹಳ್ಳ. ಕೆಳಗಿನ ನೀರು ನವೆಂಬರಿನಲ್ಲಿ 80 ಸೆಂಟಿಮೀಟರ್, ಮೇ ತಿಂಗಳಲ್ಲಿ 1.4 ಮೀಟರ್ ಆಳದಲ್ಲಿ ಸಿಗುತ್ತದೆ. ಚೀಟಿಯಲ್ಲಿ ಇಸಿ 2.4, ಪಿಎಚ್ 8.2. ಬಾಟಲಿ ನೀರು ತಿಳಿಯಾಗುತ್ತದೆ. ಅಂದರೆ ಉಪ್ಪಿನ ತೊಂದರೆ ಮಾತ್ರ, ಜಿಪ್ಸಂ ಬೇಕಿಲ್ಲ.

ಮೊದಲ ಕೆಲಸ ಹಳ್ಳ. ಹೊಲದ ಕೆಳಗೆ ಜೊಂಡು, ಹೂಳು ತೆಗೆದು ಹಳ್ಳದ ನೀರಿನ ಮಟ್ಟ ಹೊಲದ ನೆಲಕ್ಕಿಂತ ಒಂದೂವರೆ ಮೀಟರ್ ಕೆಳಗಾದರೂ ಇರುವಂತೆ ಮಾಡಬೇಕು. ಇದು ಆಗದಿದ್ದರೆ ಮುಂದಿನದು ಯಾವುದೂ ಬೇಡ, ದುಡ್ಡು ದಂಡ.

ಎರಡನೆಯದು ಮೇಲಿನ ಹೊಲದ ಕಡೆ ಬದುವಿನ ಗುಂಟ ಒಂದು ಅಡ್ಡ ಬಸಿಗಾಲುವೆ, 1.2 ಮೀಟರ್ ಆಳ. ಮೇಲಿನಿಂದ ಜರುಗಿ ಬರುವ ನೀರನ್ನು ಹೊಲಕ್ಕೆ ಹೊಗುವ ಮುಂಚೆಯೇ ಹಿಡಿದು ಹಳ್ಳಕ್ಕೆ ಬಿಡುವುದು ಇದರ ಕೆಲಸ. ಜೆಸಿಬಿಯವನು ನೆಟ್ಟಗೆ ಗೋಡೆಯಂತೆ ತೋಡಿ ಹೋಗುತ್ತಾನೆ, ಮೊದಲ ಮಳೆಗೇ ಕುಸಿಯುತ್ತದೆ. ಎರೆ ಮಣ್ಣಿನಲ್ಲಿ ಎರಡೂ ಬದಿ ಇಳಿಜಾರು ಬೇಕು, ಆಳದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಓರೆಗೆ. ಜಾಗ ಹೋಗುತ್ತದೆ ನಿಜ. ಜಾಗ ಉಳಿಸಬೇಕು ಅನ್ನುವವರಿಗೆ ನೆಲದೊಳಗಿನ ಪೈಪು ಇದೆ: 80 ಮಿಲಿಮೀಟರಿನ ತೂತು ಇರುವ ಸುಕ್ಕು ಪೈಪು, ಸುತ್ತ ಬಟ್ಟೆಯಂಥ ಜಾಳಿಗೆ, ಸುಮಾರು ಒಂದು ಮೀಟರ್ ಆಳ, ಹಳ್ಳದ ಕಡೆಗೆ ಸಣ್ಣ ಇಳಿಜಾರು. ಸಾಲಿನಿಂದ ಸಾಲಿಗೆ ಅಂತರ ಎಷ್ಟು ಅನ್ನುವುದನ್ನು ನಿಮ್ಮ ಮಣ್ಣು ನೀರು ಬಿಡುವ ವೇಗ ಅಳೆದೇ ನಿರ್ಧರಿಸಬೇಕು. ಪಕ್ಕದೂರಿನಲ್ಲಿ ಹಾಕಿದ ಅಂತರ ಇಲ್ಲಿಗೆ ಹೊಂದಬೇಕು ಅಂತೇನಿಲ್ಲ.

ಇನ್ನು ತೊಳೆಯುವುದು. ರೂಢಿಯ ಲೆಕ್ಕ ಹೀಗೆ: ಎಷ್ಟು ಆಳದ ಮಣ್ಣು ತೊಳೆಯಬೇಕೋ ಅಷ್ಟೇ ಆಳದ ನೀರು ಅದರ ಮೂಲಕ ಇಳಿದು ಹೋದರೆ ಕರಗುವ ಉಪ್ಪಿನ ಮುಕ್ಕಾಲು ಪಾಲು ಹತ್ತಿರ ಹೋಗುತ್ತದೆ. ಎರಡಡಿ ಮಣ್ಣಿಗೆ ಎರಡಡಿ ನೀರು, ಅಂದರೆ 60 ಸೆಂಟಿಮೀಟರ್. ಬಿರುಕು ಬಿಡುವ ಎರೆಯಲ್ಲಿ ನೀರು ಬಿರುಕಿನಲ್ಲೇ ಇಳಿದು ಹೋಗಿ ಹೆಂಟೆಯೊಳಗಿನ ಉಪ್ಪು ಹಾಗೇ ಉಳಿಯುತ್ತದೆ, ಆದ್ದರಿಂದ ಸ್ವಲ್ಪ ಜಾಸ್ತಿಯೇ ಬೇಕಾದೀತು. ಒಂದೇ ಸಲ ತುಂಬಿಸಬೇಡಿ. ಹೊಲ ಸಮ ಮಾಡಿ, ಸಣ್ಣ ಮಡಿ ಕಟ್ಟಿ, 10 ಸೆಂಟಿಮೀಟರ್ ನಿಲ್ಲಿಸಿ, ಇಂಗಲು ಬಿಡಿ, ಮತ್ತೆ ನಿಲ್ಲಿಸಿ. ಹೀಗೆ ಆರು ಸಲ. ದಿನಕ್ಕೆ 1 ಸೆಂಟಿಮೀಟರ್ ಇಂಗಿದರೆ ಎರಡು ತಿಂಗಳ ಕೆಲಸ. ಮುಂಗಾರಿನಲ್ಲಿ ಮಾಡಿದರೆ ಮಳೆ ನೀರೂ ಲೆಕ್ಕಕ್ಕೆ ಸೇರುತ್ತದೆ, ಅದಕ್ಕಿಂತ ಸಿಹಿ ನೀರು ಇಲ್ಲ.

ಬಸಿಗಾಲುವೆ ಕೆಲಸ ಮಾಡುತ್ತಿದೆಯಾ ಅಂತ ನೋಡುವುದು ಸುಲಭ. 4 ಎಕರೆಯಿಂದ ದಿನಕ್ಕೆ 1 ಸೆಂಟಿಮೀಟರ್ ಇಳಿದರೆ ಹೊರಗೆ ಬರುವ ನೀರು ಸೆಕೆಂಡಿಗೆ 2 ಲೀಟರ್ ಹತ್ತಿರ ಇರಬೇಕು. ಬಸಿಗಾಲುವೆಯ ಬಾಯಿಗೆ ಬಕೆಟ್ ಹಿಡಿದು ನೋಡಿ, 15 ಲೀಟರಿನದು ಏಳೆಂಟು ಸೆಕೆಂಡಿನಲ್ಲಿ ತುಂಬಬೇಕು. ಮೇಲೆ ನೀರು ಕುಡಿಯುತ್ತಿದೆ, ಕೆಳಗೆ ಬಕೆಟ್ ತುಂಬುತ್ತಿಲ್ಲ ಅಂದರೆ ನೀವು ಹೊಲ ತೊಳೆಯುತ್ತಿಲ್ಲ, ಕೆಳಗಿನ ನೀರಿನ ಮಟ್ಟ ಏರಿಸುತ್ತಿದ್ದೀರಿ. ತಕ್ಷಣ ನಿಲ್ಲಿಸಿ.

ಜಿಪ್ಸಂ ಯಾರು ಹಾಕಬೇಕು, ಎಷ್ಟು?

ಕರಲು ಮಣ್ಣಿನವರು ಮಾತ್ರ. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ, ಬಿಟ್ಟ ಸೋಡಿಯಂ ನೀರಿನ ಜೊತೆ ಹೊರಗೆ ಹೋಗಬೇಕು. ಹೊರದಾರಿ ಇಲ್ಲದಿದ್ದರೆ ಅದು ಅಲ್ಲೇ ಸುತ್ತಾಡುತ್ತದೆ. ಬರೀ ಬಿಳಿ ಉಪ್ಪಿನ ಹೊಲಕ್ಕೆ ಜಿಪ್ಸಂ ಹಾಕಿದರೆ ಇರುವ ಉಪ್ಪಿಗೆ ಇನ್ನಷ್ಟು ಉಪ್ಪು ಸೇರಿಸಿದಂತೆ.

ಪ್ರಮಾಣವನ್ನು ಲ್ಯಾಬಿನಲ್ಲಿ 'ಜಿಪ್ಸಂ ಅಗತ್ಯ' ಅಂತ ಕೇಳಿ ಬರೆಸಿಕೊಳ್ಳಿ, ಸಾಮಾನ್ಯ ಚೀಟಿಯಲ್ಲಿ ಅದು ಇರುವುದಿಲ್ಲ. ಎಕರೆಗೆ ಎರಡು ಚೀಲ ಚೆಲ್ಲಿ ಕೈ ತೊಳೆದುಕೊಳ್ಳುವುದರಿಂದ ಏನೂ ಆಗದು, ಬೇಕಾಗುವುದು ಬಹಳ ಸಲ ಟನ್ನುಗಳ ಲೆಕ್ಕದಲ್ಲಿ. ಮೇಲಿನ ನಾಲ್ಕೈದು ಇಂಚಿನಲ್ಲಿ ಬೆರೆಸಿ, ನೀರು ನಿಲ್ಲಿಸಿ ಬಸಿಯಬೇಕು. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಹರಳು ಮೊದಲೇ ಇರುತ್ತವೆ. ಡಯಂಚ ಬಿತ್ತಿ ಹೂ ಬರುವ ಮುಂಚೆ ಮಣ್ಣಿಗೆ ಸೇರಿಸಿದರೆ, ಅದು ಕೊಳೆಯುವಾಗ ಆ ಸುಣ್ಣ ಸ್ವಲ್ಪ ಸ್ವಲ್ಪ ಕರಗಿ ಕ್ಯಾಲ್ಸಿಯಂ ಬಿಡುತ್ತದೆ. ನಿಧಾನದ ದಾರಿ, ಆದರೆ ಅಗ್ಗ.

ಕೆರೆ ಮಣ್ಣು ಹಾಕಿದರೆ? ಡಿಎಪಿ ಜಾಸ್ತಿ ಹಾಕಿದರೆ?

ಕೆರೆ ಮಣ್ಣು ಒಂದೆರಡು ವರ್ಷದ ಮರೆ. ಕೆಳಗಿನ ನೀರು ಇಳಿಯದಿದ್ದರೆ ಹೊಸ ಮಣ್ಣಿಗೂ ಉಪ್ಪು ಏರುತ್ತದೆ. ಗೊಬ್ಬರವೂ ಒಂದು ಉಪ್ಪೇ, ಜಾಸ್ತಿ ಹಾಕಿದರೆ ಬೇರಿಗೆ ಹೊರೆ.

ಬೆಳೆ ತೆಗೆಯುತ್ತಲೇ ಸಂಭಾಳಿಸುವ ದಾರಿ ಇದೆಯಾ?

ಸ್ವಲ್ಪ ಮಟ್ಟಿಗೆ ಇದೆ. ಬೋದು-ಸಾಲು ಮಾಡಿ ನೀರು ಬಿಟ್ಟಾಗ ನೀರು ಎರಡೂ ಬದಿಯಿಂದ ಬೋದಿನೊಳಗೆ ಏರಿ, ಉಪ್ಪನ್ನು ತಂದು ನೆತ್ತಿಯಲ್ಲಿ ಇಡುತ್ತದೆ. ಬಿಸಿಲಿಗೆ ನೋಡಿದರೆ ಬೋದಿನ ತುದಿಯಲ್ಲಿ ಬಿಳಿ ಗೆರೆ ಕಾಣುತ್ತದೆ. ಬೀಜವನ್ನು ಅಲ್ಲೇ ಊರುತ್ತಾರೆ! ಹತ್ತಿ ಬೀಜವನ್ನು ನೆತ್ತಿಯಿಂದ ಕೆಳಗೆ, ಬೋದಿನ ಹೆಗಲಿಗೆ ಊರಿ. ಅಷ್ಟಕ್ಕೇ ಮೊಳಕೆಯಲ್ಲಿ ಫರಕು ಕಾಣುತ್ತದೆ. ಬೇಸಿಗೆಯಲ್ಲಿ ನೆಲ ಬರಿದು ಬಿಡಬೇಡಿ. ಕೊಯ್ಲಾದ ಕೂಡಲೇ ಕುಂಟೆ ಹೊಡೆದು ಮೇಲಿನ ಪದರ ಸಡಿಲ ಮಾಡಿದರೆ, ಅಥವಾ ಹೊಟ್ಟು-ಕಡ್ಡಿ ಹರಡಿದರೆ, ಉಪ್ಪು ಏರುವುದು ಕಡಿಮೆಯಾಗುತ್ತದೆ.

ಹಳೆಯ ತೆರೆದ ಬಾವಿ ಇದ್ದರೆ ಅದರ ನೀರನ್ನು ಪರೀಕ್ಷೆ ಮಾಡಿಸಿ. ತೀರಾ ಉಪ್ಪಿಲ್ಲದಿದ್ದರೆ ಕಾಲುವೆ ನೀರಿನ ಜೊತೆ ಸೇರಿಸಿ ಬಳಸಿ. ಬಾವಿ ಎತ್ತಿದಷ್ಟೂ ಕೆಳಗಿನ ನೀರು ಇಳಿಯುತ್ತದೆ. ಕಾಲುವೆ ಬಂದ ಮೇಲೆ ಬಾವಿ ಮುಚ್ಚಿದ ಊರುಗಳು ಒಂದು ದಾರಿಯನ್ನು ತಾವೇ ಮುಚ್ಚಿಕೊಂಡವು.

ನಾನೊಬ್ಬನೇ ಬಸಿಗಾಲುವೆ ತೋಡಿದರೆ ಸಾಕಾ? ಯಾರ ಹತ್ತಿರ ಹೋಗಬೇಕು?

ಹೊಲ ಹಳ್ಳಕ್ಕೆ ತಾಗಿದ್ದರೆ ಒಬ್ಬರೇ ಶುರು ಮಾಡಬಹುದು. ನಡುವೆ ಬೇರೆಯವರ ಹೊಲ ಇದ್ದರೆ ಅವರು ದಾರಿ ಬಿಡಬೇಕು. ಇಲ್ಲೇ ಬಹಳಷ್ಟು ಕೆಲಸ ನಿಲ್ಲುವುದು. "ಕಾಕಾ, ನಿಮ್ಮ ಬದುವಿನ ಗುಂಟ ಮೂರಡಿ ಬಿಡ್ರಿ" ಅಂದರೆ, "ನಿನ್ನ ಉಪ್ಪುನೀರು ನನ್ನ ಹೊಲದಾಗ ಯಾಕ ಬಿಡ್ತಿಯೋ ತಮ್ಮ?" ಅನ್ನುತ್ತಾರೆ. ಅವರ ಹೆದರಿಕೆಯೂ ಸುಳ್ಳಲ್ಲ. ಅಂಥಲ್ಲಿ ಮುಚ್ಚಿದ ಪೈಪಿನಲ್ಲಿ ದಾಟಿಸುತ್ತೇನೆ ಅಂದರೆ ಮಾತು ಮುಂದಕ್ಕೆ ಹೋಗುತ್ತದೆ.

ಒಂದು ವಿತರಣಾ ಕಾಲುವೆಯ ಕೆಳಗಿನ ಹೊಲದವರು ನೀರು ಬಳಕೆದಾರರ ಸಹಕಾರ ಸಂಘದ ಮೂಲಕ ಒಟ್ಟಿಗೆ ಅರ್ಜಿ ಕೊಡುವುದು ಒಳ್ಳೆಯದು. ಕೃಷ್ಣಾ ಮೇಲ್ದಂಡೆ ಅಚ್ಚುಕಟ್ಟಿಗೆ ಭೀಮರಾಯನಗುಡಿಯಲ್ಲಿ ಕಾಡಾ, ಅಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಚೇರಿ ಇದೆ, ಅಲ್ಲೇ ಕೃಷಿ ಕಾಲೇಜೂ ಇದೆ. ಹೋಗುವಾಗ ಬರೀ 'ಹೊಲ ಹಾಳಾಗಿದೆ' ಅಂತ ಹೋಗಬೇಡಿ. ಸರ್ವೆ ನಂಬರ್, ಮಣ್ಣಿನ ಚೀಟಿ, ಪೈಪಿನಲ್ಲಿ ಅಳೆದ ವರ್ಷದ ಲೆಕ್ಕ, ಹಳ್ಳ ಎಲ್ಲೆಲ್ಲಿ ಕಟ್ಟಿದೆ ಅನ್ನುವ ಫೋಟೋ, ಇಷ್ಟನ್ನು ಒಯ್ಯಿರಿ. ರಸ್ತೆಯ ಮೋರಿಯಿಂದ ನೀರು ನಿಂತಿದ್ದರೆ ಅದನ್ನು ಬೇರೆ ಅರ್ಜಿಯಲ್ಲಿ ಬರೆಯಿರಿ, ಏಕೆಂದರೆ ಅದು ಬೇರೆ ಇಲಾಖೆಯ ಕೆಲಸ. ಒಂದೇ ಅರ್ಜಿಯಲ್ಲಿ ಎರಡನ್ನೂ ಸೇರಿಸಿದರೆ ಎರಡೂ ಮೇಜಿನ ನಡುವೆ ಓಡಾಡುತ್ತಾ ಉಳಿಯುತ್ತದೆ.

ಒಮ್ಮೆ ತೊಳೆದರೆ ಹೊಲ ಕಾಯಂ ಸರಿಯಾಗುತ್ತದಾ?

ಇಲ್ಲ. ಕಾಲುವೆ ನೀರು ಹಾಯಿಸಿದಷ್ಟು ಕಾಲ ಉಪ್ಪು ಬರುತ್ತಲೇ ಇರುತ್ತದೆ. ಪ್ರತಿ ವರ್ಷ ಬಂದಷ್ಟು ಉಪ್ಪು ಹೊರಗೆ ಹೋಗುತ್ತಿರಬೇಕು. ಮಳೆಗಾಲಕ್ಕೆ ಮುಂಚೆ ಬಸಿಗಾಲುವೆಯ ಹೂಳು, ಜೊಂಡು ತೆಗೆಯುವುದು ವರ್ಷದ ಕೆಲಸಗಳಲ್ಲಿ ಒಂದು. ಪೈಪು ಹಾಕಿದವರು ಹಳ್ಳಕ್ಕೆ ಬೀಳುವ ಬಾಯನ್ನು ಇಲಿ, ಬೇರು ಹೊಗದಂತೆ ಜಾಳಿಗೆ ಕಟ್ಟಿ ಕಾಯಬೇಕು. ಮಣ್ಣು ಪರೀಕ್ಷೆಯನ್ನು ಪ್ರತಿ ಸಲ ಮೇ ತಿಂಗಳಲ್ಲೇ, ಅದೇ ಜಾಗದಲ್ಲೇ ಮಾಡಿಸಿ. ಒಂದು ವರ್ಷ ಮಳೆಗಾಲ ಮುಗಿದ ಮೇಲೆ, ಇನ್ನೊಂದು ವರ್ಷ ಬೇಸಿಗೆಯಲ್ಲಿ ತೆಗೆದ ಅಂಕಿಗಳನ್ನು ಹೋಲಿಸಿದರೆ ಹೊಲ ಸುಧಾರಿಸಿತಾ, ಬರೀ ಮಳೆಗೆ ಉಪ್ಪು ಕೆಳಗೆ ಇಳಿದಿತ್ತಾ ಅಂತ ಹೇಳಲು ಬರುವುದಿಲ್ಲ.